ಪ್ರತಿಕ್ರಿಯೆ: ಸಲಾಮ್ ಮತ್ತು ಶಾಲೋಮ್

“ಸಲಾಮ್, ಶಾಲೋಮ್ ಎಷ್ಟು ಹತ್ತಿರ! ಅರಬ್ಬಿಯಿಂದಲೇ ಹೀಬ್ರೂ ಹುಟ್ಟಿತಾ, ಇಲ್ಲ ಸುಮ್ನೆ ಪದ ಎರವಲು ಪಡೆದರಾ?”

ಎರಡೂ ಅಲ್ಲ. ಇವು ಅಕ್ಕತಂಗಿಯರು, ತಾಯಿ ಭಾಷೆ ಕಣ್ಮರೆಯಾಗಿದೆ. ಆದರೆ ಸಲಾಮ್ ಒಂದನ್ನೇ ಹಿಡಿದುಕೊಂಡರೆ ಇದು ಗೊತ್ತಾಗಲ್ಲ. ಜೊತೆಗೆ ಇವುಗಳ ಇನ್ನೊಬ್ಬ ಸೋದರಿ ಅರಾಮಿಕ್ ಭಾಷೆಯನ್ನೂ ಇಟ್ಟು ನೋಡಿ.

ಶಾಂತಿಗೆ ಅರಬ್ಬಿಯಲ್ಲಿ ಸಲಾಮ್, ಹೀಬ್ರೂನಲ್ಲಿ ಶಾಲೋಮ್, ಅರಾಮಿಕ್‌ನಲ್ಲಿ ಶ್ಲಾಮಾ. ಎತ್ತಿಗೆ ಅದೇ ಸಾಲಿನಲ್ಲಿ ಥೌರ್, ಶೋರ್, ತೋರಾ. ಹಿಮಕ್ಕೆ ಥಲ್ಜ್, ಶೆಲೆಗ್, ತಲ್ಗಾ. ಈ ‘ಥ’ ಇಂಗ್ಲಿಷಿನ ಥಿಂಕ್ ಪದದ ಮೊದಲ ಸದ್ದು.

ಹೀಬ್ರೂನಲ್ಲಿ ಎಲ್ಲ ಕಡೆ ‘ಶ’ ಒಂದೇ, ಅಲ್ವಾ? ಅರಬ್ಬಿ, ಅರಾಮಿಕ್ ಮಾತ್ರ ಎರಡು ಗುಂಪು ಮಾಡುತ್ತವೆ, ಅದೂ ಒಂದೇ ಜಾಗದಲ್ಲಿ ಗೆರೆ ಎಳೆದು: ಶಾಂತಿ ಒಂದು ಕಡೆ, ಎತ್ತು, ಹಿಮ ಇನ್ನೊಂದು ಕಡೆ. ಅಂದರೆ ಮೂಲದಲ್ಲಿ ಎರಡು ಬೇರೆ ಸದ್ದುಗಳಿದ್ದವು, ಹೀಬ್ರೂನಲ್ಲಿ ಬೆರೆತುಹೋದವು. ಸಿರಿಯಾದ ಪ್ರಾಚೀನ ನಗರ ಉಗಾರಿತ್‌ನಲ್ಲಿ 1929ರಿಂದ ಸಿಕ್ಕ, ಇದೇ ಕುಟುಂಬದ ಇನ್ನೊಂದು ಭಾಷೆಯ ಮಣ್ಣಿನ ಹಲಗೆಗಳಲ್ಲಿ ಎತ್ತಿನ ಆ ‘ಥ’ಗೆ ಪ್ರತ್ಯೇಕ ಅಕ್ಷರವೇ ಇದೆ. ಅವು ಮೂರು ಸಾವಿರ ವರ್ಷಕ್ಕೂ ಹಳೆಯವು. ಎರವಲು ಪದಗಳು ಇಷ್ಟು ಶಿಸ್ತಾಗಿ ಸಾಲುಗಟ್ಟಲ್ಲ.

ಹಾಗಂತ ಎರವಲೇ ಇಲ್ಲ ಅಂತಲ್ಲ. ಅದನ್ನೂ ಇದೇ ನಿಯಮ ಹಿಡಿದುಕೊಡುತ್ತದೆ. ‘ಹಿಂತಿರುಗು’ ಅನ್ನೋದಕ್ಕೆ ಹೀಬ್ರೂನಲ್ಲಿ ಶಾವ್, ಅರಾಮಿಕ್‌ನಲ್ಲಿ ತಾಬ್, ಅರಬ್ಬಿಯಲ್ಲಿ ಥಾಬ. ಸಾಲು ಸರಿಯಾಗಿದೆ. ಆದರೆ ಅರಬ್ಬಿಯಲ್ಲಿ ‘ಪಶ್ಚಾತ್ತಾಪ ಪಡು’ ಅನ್ನುವ ತಾಬ ಕೂಡ ಇದೆ. ನಮ್ಮ ಕಿವಿಗೂ ಬಿದ್ದಿರುವ ‘ತೌಬಾ’ ಅದರದ್ದೇ. ‘ಥ’ ಇರಬೇಕಾದಲ್ಲಿ ‘ತ’ ಬಂದಿದೆ, ಹಾಗಾಗಿ ಇದು ಅರಾಮಿಕ್ ಮಾತಾಡುವವರಿಂದ ಧರ್ಮದ ಮಾತಾಗಿ ಬಂದದ್ದು.