ವೀರಗಲ್ಲುಗಳ ಬಗ್ಗೆ ಆಸಕ್ತಿ ಇದೆ, ಸಂಶೋಧನಾ ಪ್ರಶ್ನೆ ಮಾಡಿಕೊಳ್ಳುವುದು ಹೇಗೆ?

ಮೊದಲು ಆಕರ ನೋಡಿ, ಪ್ರಶ್ನೆ ಆಮೇಲೆ. ಶಾಸನಗಳ ಸಂಕಲನವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ 8ನೇ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳಿವೆ, ಒಬ್ಬರೇ ಕೂತು ಓದಿ ಮುಗಿಸಬಹುದು. ಅದರಲ್ಲಿ 20 ವೀರಗಲ್ಲು ಶಾಸನ ಓದಿ, ಪ್ರತಿಯೊಂದಕ್ಕೂ ಕಾಲ, ಊರು, ವೀರ ಸತ್ತ ಕಾರಣ ಬರೆದಿಡಿ. ದನ ಹಿಡಿದೊಯ್ಯುವ ತುರುಗೋಳು, ಊರನ್ನೇ ಹಾಳುಗೆಡವುವ ಊರಳಿವು, ಅರಸನ ದಂಡಯಾತ್ರೆ ಎಂದು ಕಾರಣಗಳು ತಾವೇ ಗುಂಪಾಗುತ್ತವೆ. ಆಗ ಪ್ರಶ್ನೆ ಹೀಗಾಗುತ್ತದೆ: ‘1100ರಿಂದ 1300ರ ನಡುವೆ, ಕಲ್ಯಾಣ ಚಾಲುಕ್ಯರ ಪತನದ ನಂತರ, ಸೊರಬದ ವೀರಗಲ್ಲುಗಳಲ್ಲಿ ತುರುಗೋಳಿನ ಸಾವಿನ ಪಾಲು ಬದಲಾಯಿತೇ?’

ಈ ಮಿತಿ ಏಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಕರ ಒಂದೇ ಕಡೆ ಇದೆ, ಆ ಪತನ 12ನೇ ಶತಮಾನದ ಕೊನೆಗೆ, ಅಂದರೆ ಅವಧಿಯ ನಡುವೆಯೇ ಬರುತ್ತದೆ ಎನ್ನಿ. ‘ಸಮಯ ಸಾಲಲಿಲ್ಲ’ ಎಂಬುದು ಸಮರ್ಥನೆಯಲ್ಲ.

ಎಡವುವುದು ಎಲ್ಲಿ? ‘ದನಗಳ್ಳತನ ಹೆಚ್ಚಿತೇ’ ಎಂದು ಕೇಳಿದಾಗ. ಕಲ್ಲು ನೆಡಿಸುವ ಅನುಕೂಲವಿದ್ದವರ ಸಾವಷ್ಟೇ ಅಲ್ಲಿ ದಾಖಲಾಗಿದೆ. ನೀವು ಎಣಿಸುತ್ತಿರುವುದು ಸ್ಮಾರಕಗಳನ್ನು, ಘಟನೆಗಳನ್ನಲ್ಲ. ಇನ್ನು, ಆ 20ರಲ್ಲಿ ಏಳೆಂಟಕ್ಕೆ ಕಾಲವೋ ಕಾರಣವೋ ತಿಳಿಯದಿದ್ದರೆ, ಹಟ ಹಿಡಿಯದೆ ಪ್ರಶ್ನೆಯನ್ನೇ ಬದಲಿಸಿ.