ತಾಯಿ ಕಾರ್ಡ್ ಮಾಡಿಸೋವರೆಗೂ ಕಾಯಬೇಡಿ

*ಕಳೆದ ವರ್ಷ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿಗೆ ತಲೆಬುರುಡೆಯೇ ಬೆಳೆದಿಲ್ಲ ಅಂದರು. ತೆಗೆಸಬೇಕಾಯಿತು. ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದೇ ಕಾರಣ ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ಮತ್ತೆ ಮಗು ಬೇಕು ಅಂತ ಹೋದಾಗ ಡಾಕ್ಟರ್ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಬರೆದರು. ಬಸುರಾಗದೇ ಮಾತ್ರೆ ಯಾಕೆ, ಸೊಪ್ಪು ತಿಂದರೆ ಸಾಕು, ಬೇಕಾದರೆ ಆಶಾ ಕೊಟ್ಟ ಕೆಂಪು ಮಾತ್ರೆ ಮನೆಯಲ್ಲೇ ಇದೆಯಲ್ಲ ಅನ್ನುತ್ತಾರೆ. ಅತ್ತೆಗೆ ಗೊತ್ತಾಗದ ಹಾಗೆ ನುಂಗಲಾ?*
— ಹೆಸರು ಬೇಡ, ಪಾಂಡವಪುರ

ನುಂಗಿ, ಕೆಳಗೆ ಬರೆದ ಎರಡು ಮಾತು ಡಾಕ್ಟರಿಗೆ ಕೇಳಿದ ಕೂಡಲೇ. ಆದರೆ ಕದ್ದು ಬೇಡ. ಬಚ್ಚಿಟ್ಟ ಮಾತ್ರೆ ನೆಂಟರು ಬಂದ ದಿನ, ಹಬ್ಬದ ದಿನ ತಪ್ಪಿಹೋಗುತ್ತದೆ. ಇದು ದಿನಾ ನುಂಗಬೇಕಾದ ಮಾತ್ರೆ.

ಮೊದಲು ಗ್ರಹಣದ ಮಾತು. ನೀವು ಅವತ್ತು ಏನು ಹೆಚ್ಚಿದರೂ ಬಿಟ್ಟರೂ ಮಗುವಿನ ತಲೆಬುರುಡೆಗೂ ಅದಕ್ಕೂ ಸಂಬಂಧವೇ ಇಲ್ಲ. ಹೊಟ್ಟೆಯಲ್ಲಿ ಮಗು ಇನ್ನೂ ಒಂದು ಹಾಳೆಯಂತಿರುವಾಗ ಆ ಹಾಳೆ ಮಡಚಿಕೊಂಡು ಕೊಳವೆಯಾಗುತ್ತದೆ, ಆ ಕೊಳವೆಯೇ ಮುಂದೆ ಮೆದುಳು ಮತ್ತು ಬೆನ್ನುಹುರಿ. ಅದರ ಮೇಲಿನ ತುದಿ ಮುಚ್ಚಿಕೊಳ್ಳದಿದ್ದರೆ ನಿಮ್ಮ ಮಗುವಿಗೆ ಆದಂತೆ ಮೆದುಳು, ಬುರುಡೆ ಬೆಳೆಯುವುದಿಲ್ಲ. ಅದಕ್ಕೆ ಅನೆನ್ಸೆಫಲಿ ಅಂತಾರೆ. ಕೆಳಗೆ ಬೆನ್ನಿನಲ್ಲಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ, ಅಂಥ ಎಷ್ಟೋ ಮಕ್ಕಳಿಗೆ ಕಾಲಲ್ಲಿ ಶಕ್ತಿ ಇರುವುದಿಲ್ಲ, ಮೂತ್ರದ ಮೇಲೆ ಹಿಡಿತ ಇರುವುದಿಲ್ಲ. ಫೋಲಿಕ್ ಆಸಿಡ್ ಮುಖ್ಯವಾಗಿ ತಡೆಯುವುದು ಈ ಜಾತಿಯ ದೋಷಗಳನ್ನೇ. ಡೌನ್ ಸಿಂಡ್ರೋಮ್ ಥರದ್ದಕ್ಕೆ ಇದು ಮದ್ದಲ್ಲ.

ಈಗ ಅತ್ತೆಯವರ ಪ್ರಶ್ನೆ, ಬಸುರಾಗದೇ ಮಾತ್ರೆ ಯಾಕೆ ಅಂತ. ಕ್ಯಾಲೆಂಡರ್ ಇಳಿಸಿಕೊಂಡು ಅವರ ಜೊತೆ ಕೂತು ಎಣಿಸಿ. ನಿಮ್ಮ ಮುಟ್ಟು ಸರಿಯಾಗಿ 28 ದಿನಕ್ಕೆ ಬರುತ್ತದೆ ಅಂದುಕೊಳ್ಳೋಣ. ಮುಟ್ಟಾದ ಮೊದಲ ದಿನ 1 ಅಂದರೆ ಗರ್ಭ ಕಟ್ಟುವುದು 14ನೇ ದಿನದ ಸುಮಾರಿಗೆ. ಮುಟ್ಟು ನಿಂತಿತು ಅಂತ ಗೊತ್ತಾಗುವುದೇ 29ರ ನಂತರ. ಇನ್ನೊಂದು ವಾರ ನೋಡೋಣ ಅಂತೀರಿ, ಆಮೇಲೆ ಟೆಸ್ಟ್, ಆಮೇಲೆ ಆಸ್ಪತ್ರೆ, ತಾಯಿ ಕಾರ್ಡ್. ಅಷ್ಟರಲ್ಲಿ 42 ದಾಟಿರುತ್ತದೆ ಅಲ್ವಾ? ಆ ಕೊಳವೆ ಮುಚ್ಚಿ ಮುಗಿಯುವುದು ಅಷ್ಟರೊಳಗೇ, ಗರ್ಭ ಕಟ್ಟಿ ಸುಮಾರು 28 ದಿನಕ್ಕೆ. ಆಮೇಲೆ ಎಷ್ಟು ನುಂಗಿದರೂ ತೆರೆದೇ ಉಳಿದದ್ದನ್ನು ಮುಚ್ಚಲು ಆಗುವುದಿಲ್ಲ.

ಸೊಪ್ಪು ಖಂಡಿತ ತಿನ್ನಿ. ಬಸ್ಸಾರು ಮಾಡಿದರೆ ಸೊಪ್ಪಿನಲ್ಲಿರುವ ಫೋಲಿಕ್ ಆಸಿಡ್ ಥರದ ಸತ್ವ ಬೇಯಿಸಿದ ನೀರಿಗೆ ಇಳಿದರೂ ಸಾರಿನಲ್ಲಾದರೂ ಸಿಗುತ್ತದೆ. ಆದರೂ ಕುದಿಯುವಾಗ ಒಂದಷ್ಟು ಹಾಳಾಗುತ್ತದೆ, ನಿಮಗೆ ಬೇಕಾದಷ್ಟು ಊಟದಿಂದ ಬರುವುದಿಲ್ಲ.

ಮೊದಲ ಸಲ ಬಸುರಾಗುವವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಿಮ್ಮದು ಹಾಗಲ್ಲ. ಒಂದು ಮಗುವಿಗೆ ಹೀಗಾದ ಮೇಲೆ ಇನ್ನೊಂದಕ್ಕೂ ಆಗುವ ಸಾಧ್ಯತೆ ಜಾಸ್ತಿ, ಅದಕ್ಕೇ ಡಾಕ್ಟರ್ 5 ಮಿಲಿಗ್ರಾಂ, ಅಂದರೆ ಹನ್ನೆರಡು ಪಟ್ಟಿಗಿಂತ ಜಾಸ್ತಿ ಬರೆದದ್ದು. 1991ರಲ್ಲಿ ಬ್ರಿಟನ್ನಿನವರು ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ನಿಮ್ಮಂತೆಯೇ ಹಿಂದೆ ಇಂಥ ಮಗುವನ್ನು ಕಳಕೊಂಡವರೇ ಅದರಲ್ಲಿದ್ದದ್ದು. ದಿನಕ್ಕೆ 4 ಮಿಲಿಗ್ರಾಂ ನುಂಗಿದವರಲ್ಲಿ 6 ಮಕ್ಕಳಿಗೆ ಮತ್ತೆ ಹಾಗಾಯಿತು, ನುಂಗದ ಅಷ್ಟೇ ಜನರಲ್ಲಿ 21ಕ್ಕೆ. ನೂರಕ್ಕೆ ಮೂರೂವರೆ ಇದ್ದದ್ದು ಒಂದಕ್ಕೆ ಇಳಿಯಿತು. ಪೂರ್ತಿ ಸೊನ್ನೆ ಆಗಲಿಲ್ಲ, ಅದನ್ನೂ ಈಗಲೇ ತಿಳಿದಿರಿ.

ಕೆಂಪು ಮಾತ್ರೆ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಅದರಲ್ಲಿ ಫೋಲಿಕ್ ಆಸಿಡ್ ಇರುವುದು 500 ಮೈಕ್ರೋಗ್ರಾಂ, ಜೊತೆಗೆ 60 ಮಿಲಿಗ್ರಾಂ ಕಬ್ಬಿಣ. ಲೆಕ್ಕ ಸರಿದೂಗಿಸಲು ಹತ್ತು ನುಂಗಿದರೆ 600 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋಗುತ್ತದೆ, ಅದು ಅಪಾಯ. ಮಲ್ಟಿವಿಟಮಿನ್ ಮಾತ್ರೆಯನ್ನೂ ಹಾಗೆ ಜಾಸ್ತಿ ನುಂಗಬಾರದು, ವಿಟಮಿನ್ ಎ ಅತಿಯಾದರೆ ಅದೇ ಮಗುವಿಗೆ ಕೆಡುಕು. ಬರೆದುಕೊಟ್ಟ 5 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಒಂದು, ಅಷ್ಟೇ.

ಶುರು ಮಾಡುವ ಮುಂಚೆ ಡಾಕ್ಟರಿಗೆ ಎರಡು ಮಾತು ಕೇಳಿ. ನೀವು ಮೊಟ್ಟೆ, ಮಾಂಸ ತಿನ್ನದವರಾದರೆ ಬಿ12 ಪರೀಕ್ಷೆ ಮಾಡಿಸಬೇಕಾ ಅಂತ. ಯಾಕೆಂದರೆ ಬಿ12 ಕಮ್ಮಿ ಇದ್ದಾಗ ಇಷ್ಟೊಂದು ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಸರಿ ಮಾಡಿದಂತೆ ತೋರಿಸುತ್ತದೆ, ಒಳಗೆ ನರಗಳು ಮಾತ್ರ ಕೆಡುತ್ತಲೇ ಇರುತ್ತವೆ. ಕೈಕಾಲು ಜೋಮು ಹಿಡಿಯುತ್ತಿದ್ದರೆ ಅದನ್ನು ಹೇಳಲೇಬೇಕು. ಇನ್ನೊಂದು, ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮೂರ್ಛೆಗೆ ಮಾತ್ರೆ ನಡೆಯುತ್ತಿದ್ದರೆ ಮುಚ್ಚಿಡಬೇಡಿ. ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್ ಅನ್ನೋ ಔಷಧಿಯಿಂದ ಇದೇ ದೋಷ ಬರಬಹುದು. ಹಾಗಂತ ಅದನ್ನು ನೀವೇ ನಿಲ್ಲಿಸಲೂ ಬೇಡಿ.

ಮೂರು ತಿಂಗಳು ಮಾತ್ರೆ ನಡೆಯಲಿ, ಅಲ್ಲಿಯವರೆಗೆ ಮಗುವಿಗೆ ಪ್ರಯತ್ನ ಬೇಡ. ಗರ್ಭ ನಿಂತ ಮೇಲೂ 12 ವಾರ ಮುಗಿಯುವವರೆಗೆ ಇದೇ ಮಾತ್ರೆ. ಆಮೇಲೆ ಡಾಕ್ಟರ್ ಇದನ್ನು ನಿಲ್ಲಿಸಿ ಆ ಕೆಂಪು ಮಾತ್ರೆಗೆ ಬದಲಾಯಿಸುತ್ತಾರೆ. ಸ್ಕ್ಯಾನಿಂಗ್‌ಗೆ ಈ ಸಲ ಐದನೇ ತಿಂಗಳವರೆಗೆ ಕಾಯಬೇಡಿ. 11ರಿಂದ 14 ವಾರದೊಳಗೆ ಮಾಡಿಸಿ, ಹಿಂದೆ ಆದದ್ದನ್ನು ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ. ಬುರುಡೆ ಬೆಳೆದಿದೆಯೋ ಇಲ್ಲವೋ ಅನ್ನುವುದು ಆಗಲೇ ಕಾಣುತ್ತದೆ. ಬೆನ್ನನ್ನು ಸರಿಯಾಗಿ ನೋಡಲು 18ರಿಂದ 20 ವಾರಕ್ಕೆ ಇನ್ನೊಂದು ಸ್ಕ್ಯಾನಿಂಗ್ ಬೇಕು. ಆಗುವುದಾದರೆ ಎರಡೂ ಸಲ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.