ನೋ ಕಾಸ್ಟ್ ಇಎಂಐಯ ಬಡ್ಡಿ ಯಾರ ಕಿಸೆಯಿಂದ ಹೋಗುತ್ತದೆ?

ಪ್ರಶ್ನೆ: ಉಡುಪಿಯಲ್ಲಿದ್ದೇನೆ. ದೀಪಾವಳಿಗೆ 48,000 ರೂಪಾಯಿಯ ಟಿವಿ ನೋಡಿ ಇಟ್ಟಿದ್ದೇನೆ. ಪೇಪರಿನಲ್ಲಿ ದೊಡ್ಡದಾಗಿ "ನೋ ಕಾಸ್ಟ್ ಇಎಂಐ" ಅಂತ ಬಂದಿದೆ. ಬಡ್ಡಿಯೇ ಇಲ್ಲದೆ ಬ್ಯಾಂಕಿನವರು ಯಾಕೆ ಸಾಲ ಕೊಡುತ್ತಾರೆ? ನನ್ನ ಕೈಯಲ್ಲಿ ಅಷ್ಟು ದುಡ್ಡು ಉಂಟು. ಆದರೂ ಕ್ರೆಡಿಟ್ ಕಾರ್ಡಿನಲ್ಲಿ ಕಂತು ಮಾಡಿದರೆ ಲಾಭವಾ?

ಉತ್ತರ:

ಬ್ಯಾಂಕಿನವರು ಸುಮ್ನೆ ಕೊಡುವುದಿಲ್ಲ ಮಾರಾಯ್ರೆ. ಬಡ್ಡಿ ಪೂರ್ತಿ ತೆಗೆದುಕೊಳ್ಳುತ್ತಾರೆ. ಆ ಬಡ್ಡಿಯಷ್ಟು ಮೊತ್ತವನ್ನು ಟಿವಿ ಕಂಪೆನಿ ಅಥವಾ ಅಂಗಡಿ ನಿಮಗೆ ಮೊದಲೇ ಡಿಸ್ಕೌಂಟ್ ಆಗಿ ಬಿಡುತ್ತದೆ. ಲೆಕ್ಕ ಸೊನ್ನೆಯ ಹಾಗೆ ಕಾಣುವುದು ಅದಕ್ಕೆ. ನಾನು ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಬಿಲ್ಲಿಂಗಿನಲ್ಲಿ ಕೆಲವು ವರ್ಷ ಕೂತಿದ್ದೆ. ಚೌತಿಯಿಂದ ದೀಪಾವಳಿ ತನಕ ದಿನಕ್ಕೆ ಹತ್ತಾರು ಸಲ ಇದೇ ಪ್ರಶ್ನೆ ಬರುತ್ತಿತ್ತು. ಹಿಂದೆ ಗಲಾಟೆಯಲ್ಲಿ ಸಾಲು ನಿಂತಿರುವಾಗ ಪೂರ್ತಿ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಈಗ ಹೇಳುತ್ತೇನೆ.

ನಿಮ್ಮ 48,000ದ ಟಿವಿಯನ್ನೇ ತೆಗೆದುಕೊಳ್ಳಿ. ಆರು ತಿಂಗಳ ಕಂತು, ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡಾ 16 ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 8,000ದಂತೆ ಆರು ಕಂತು, ಒಟ್ಟು 48,000. ಆದರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಸಾಲ 48,000 ಅಲ್ಲ, 45,837 ರೂಪಾಯಿ. ಉಳಿದ 2,163 ಆರು ತಿಂಗಳ ಬಡ್ಡಿ. ಅಷ್ಟೇ ಮೊತ್ತವನ್ನು ಬಿಲ್ಲಿನಲ್ಲಿ ಡಿಸ್ಕೌಂಟ್ ಎಂದು ಕಳೆದಿರುತ್ತಾರೆ. ಕೆಲವು ಕಡೆ ಬಿಲ್ಲಿನಲ್ಲಿ ಕಳೆಯುವ ಬದಲು ಕೆಲವು ತಿಂಗಳು ಬಿಟ್ಟು ಕ್ಯಾಶ್‌ಬ್ಯಾಕ್ ಹಾಕುತ್ತಾರೆ. ಹಾಗಿದ್ದರೆ ಅದು ಬಂತೋ ಇಲ್ಲವೋ ಎಂದು ನೀವೇ ನೆನಪಿಟ್ಟು ನೋಡಬೇಕು. ಆದಷ್ಟು ಬಿಲ್ಲಿನಲ್ಲೇ ಕಳೆಯುವ ಆಫರ್ ಹುಡುಕಿ.

ಇಲ್ಲಿಯವರೆಗೆ ನಿಮ್ಮ ಕೈಯಿಂದ ಜಾಸ್ತಿ ಏನೂ ಹೋಗಿಲ್ಲ ಅಲ್ವಾ? ಹೋಗುವುದು ಇನ್ನು. ಕ್ರೆಡಿಟ್ ಕಾರ್ಡಿನ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಉಂಟು. ಬಡ್ಡಿಯನ್ನು ಕಂಪೆನಿ ತುಂಬಿಕೊಟ್ಟರೂ ಆ ಜಿಎಸ್‌ಟಿಯನ್ನು ಸಾಮಾನ್ಯವಾಗಿ ಯಾರೂ ತುಂಬಿಕೊಡುವುದಿಲ್ಲ. 2,163ಕ್ಕೆ ಅದು 389 ರೂಪಾಯಿ. ಒಟ್ಟಿಗೆ ಬಾರದೆ ಪ್ರತಿ ತಿಂಗಳ ಕಾರ್ಡ್ ಬಿಲ್ಲಿನಲ್ಲಿ ಚೂರು ಚೂರು ಬರುತ್ತದೆ. ಮೊದಲ ತಿಂಗಳು 110, ಆಮೇಲೆ 92, 74, ಹೀಗೆ ಇಳಿಯುತ್ತಾ ಕೊನೆಗೆ 19. ಅಂಗಡಿಗೆ ಬಂದು "8,000 ಅಂದಿದ್ರಿ, 8,110 ಯಾಕೆ ಬಂತು?" ಎಂದು ಜಗಳ ಮಾಡಿದವರು ಸುಮಾರು ಜನ. ಅದರ ಮೇಲೆ ಬ್ಯಾಂಕಿನ ಪ್ರೊಸೆಸಿಂಗ್ ಫೀ. 199 ಅಂತ ಇದ್ದರೆ ಜಿಎಸ್‌ಟಿ ಸೇರಿ 235. ಎರಡೂ ಸೇರಿ 624 ರೂಪಾಯಿ. "ನೋ ಕಾಸ್ಟ್"ನ ನಿಜವಾದ ಕಾಸ್ಟ್ ಇದು.

ಇದರಲ್ಲಿ ಹೊಸತೇನಿಲ್ಲ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀಯ ಹೆಸರಿನಲ್ಲಿ ಮರೆಮಾಡುತ್ತಾರೆ ಎಂದು ಬ್ಯಾಂಕುಗಳಿಗೆ ಹೇಳಿತ್ತು.

624 ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ನಿಜವಾಗಿ ದುಬಾರಿಯಾಗುವುದು ಬಿಲ್ಲಿನಲ್ಲಿ ಕಾಣದ ಒಂದು ವಿಷಯದಿಂದ. ಅಂಗಡಿಗೆ ಹೋಗಿ ಮೊದಲು ಕಂತಿನ ಸುದ್ದಿ ಎತ್ತಬೇಡಿ. "ಈಗಲೇ ಪೂರ್ತಿ ಕೊಟ್ಟರೆ ಕೊನೆಯ ರೇಟ್ ಎಷ್ಟು?" ಎಂದು ಕೇಳಿ. 46,000 ಅಂದರು ಅಂತ ಇಟ್ಟುಕೊಳ್ಳಿ. ಇಎಂಐ ಅಂದ ಕೂಡಲೇ ಆ 2,000 ಮಾಯ. ಯಾಕೆಂದರೆ ಬಡ್ಡಿ ತುಂಬಲು ಅಂಗಡಿಯವರಿಗೆ ಬೇಕಾದ್ದು ಅದೇ ದುಡ್ಡು. ಆಗ ನಿಮ್ಮ ಲೆಕ್ಕ ಬದಲಾಗುತ್ತದೆ: 46,000ಕ್ಕೆ ಸಿಗುವ ಟಿವಿಗೆ ನೀವು ಆರು ತಿಂಗಳಲ್ಲಿ 48,624 ಕೊಡುತ್ತೀರಿ. ಇದನ್ನು ವಾರ್ಷಿಕ ಬಡ್ಡಿಗೆ ಇಳಿಸಿದರೆ ಶೇಕಡಾ 19 ದಾಟುತ್ತದೆ. 2,624ನ್ನು 46,000ಕ್ಕೆ ಭಾಗಿಸಿ "ಆರು ಪರ್ಸೆಂಟ್ ಕೂಡ ಇಲ್ಲ" ಅನ್ನಬೇಡಿ. ಅಷ್ಟೂ ದುಡ್ಡು ಆರು ತಿಂಗಳು ನಿಮ್ಮ ಹತ್ತಿರ ಇರುವುದಿಲ್ಲ. ತಿಂಗಳು ತಿಂಗಳು ವಾಪಸ್ ಹೋಗುತ್ತಾ ಇರುತ್ತದೆ.

ನಗದು ರೇಟೂ 48,000ವೇ, ಒಂದು ರೂಪಾಯಿ ಕಡಿಮೆ ಇಲ್ಲ ಅಂದರೆ ಮಾತು ಬೇರೆ. ಆಗ ನಿಮಗೆ ಬೀಳುವುದು ಆ 624 ಮಾತ್ರ, ವರ್ಷಕ್ಕೆ ಸುಮಾರು ನಾಲ್ಕೂವರೆ ಶೇಕಡಾ. ದುಡ್ಡನ್ನು ಎಫ್‌ಡಿಯಲ್ಲಿಟ್ಟು ಕಂತು ಕಟ್ಟಿದರೂ ದೊಡ್ಡ ಲಾಭ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಉಲ್ಟಾ ಸಂಗತಿಯೂ ಉಂಟು. ಹಬ್ಬದ ಸಮಯ ಕೆಲವು ಬ್ಯಾಂಕುಗಳು ಇಎಂಐ ಮಾಡಿದವರಿಗೆ ಮಾತ್ರ ಹೆಚ್ಚಿನ ಡಿಸ್ಕೌಂಟ್ ಕೊಡುತ್ತವೆ. ಅದು ಮೂರು ಸಾವಿರ ಇದ್ದರೆ ಕಣ್ಣು ಮುಚ್ಚಿ ಕಂತು ಮಾಡಿ, ಎಲ್ಲಕ್ಕಿಂತ ಕಡಿಮೆ ಅವಧಿ ಆರಿಸಿ.

ಅವಧಿಯ ವಿಷಯದಲ್ಲೇ ಜಾಸ್ತಿ ಜನ ಬೀಳುವುದು. ಜಾಹೀರಾತಿನಲ್ಲಿ ಒಂದು ಕಡೆ "ನೋ ಕಾಸ್ಟ್ ಇಎಂಐ", ಪಕ್ಕದಲ್ಲೇ "ತಿಂಗಳಿಗೆ 2,350 ಮಾತ್ರ". ಎರಡೂ ಒಂದೇ ಆಫರ್ ಎಂದು ನಾವು ಓದಿಕೊಳ್ಳುತ್ತೇವೆ. ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ ಓದಿದರೆ ನೋ ಕಾಸ್ಟ್ ಆರು ತಿಂಗಳಿಗೆ ಮಾತ್ರ, 2,350 ಎನ್ನುವುದು 24 ತಿಂಗಳ ಮಾಮೂಲಿ ಕಂತು. ಗುಣಿಸಿ ನೋಡಿ: 56,400. ಬಡ್ಡಿಯೇ 8,400. ಅದರ ಜಿಎಸ್‌ಟಿ 1,500ರಷ್ಟು, ಮತ್ತೆ ಫೀ. 48,000ದ ಟಿವಿ 58,000 ದಾಟಿತು. ನಮ್ಮ ಕೌಂಟರಿನಲ್ಲೇ ಒಬ್ಬರು, ನಿವೃತ್ತ ಮಾಷ್ಟ್ರು, "ಸಣ್ಣ ಕಂತು ಹಾಕಿ ಮಾರಾಯ್ರೆ" ಎಂದು ಹೇಳಿ 24 ತಿಂಗಳಿಗೆ ಮಾಡಿಸಿಕೊಂಡಿದ್ದರು. ನಾನೂ ಬಟನ್ ಒತ್ತಿದೆ. ಮರುತಿಂಗಳು ಅವರು ಬಿಲ್ ಹಿಡಿದುಕೊಂಡು ಬಂದಾಗ ನನಗೆ ಮುಖ ಎತ್ತಲು ಆಗಲಿಲ್ಲ. ಅವಧಿಗೆ ಮೊದಲೇ ಮುಗಿಸೋಣ ಅಂದರೆ ಕೆಲವು ಬ್ಯಾಂಕುಗಳಲ್ಲಿ ಬಾಕಿಯ ಮೇಲೆ ಶೇಕಡಾ 3ರಷ್ಟು ದಂಡ, ಅದಕ್ಕೂ ಜಿಎಸ್‌ಟಿ.

ಹಾಗಾಗಿ ಕಾರ್ಡ್ ಉಜ್ಜುವ ಮೆಷಿನ್ ಮುಂದೆ ಅರ್ಧ ನಿಮಿಷ ನಿಲ್ಲಿ. ಪಿನ್ ಒತ್ತುವ ಮೊದಲು ಪರದೆಯಲ್ಲಿ ತಿಂಗಳು ಎಷ್ಟು, ಕಂತು ಎಷ್ಟು ಎಂದು ಕಾಣುತ್ತದೆ. ಆ ಎರಡನ್ನು ಮೊಬೈಲಿನಲ್ಲಿ ಗುಣಿಸಿ. ಆಮೇಲೆ ಕ್ಯಾಶ್‌ಬ್ಯಾಕ್ ಬರುವ ಆಫರ್ ಅಲ್ಲದೆ, ಉತ್ತರ ಟಿವಿಯ ರೇಟಿಗಿಂತ ಜಾಸ್ತಿ ಬಂದರೆ ಅದು ನೋ ಕಾಸ್ಟ್ ಅಲ್ಲ, ಕ್ಯಾನ್ಸಲ್ ಒತ್ತಿ. ಪಿನ್ ಒತ್ತಿ ಚೀಟಿ ಹೊರಬಂದ ಮೇಲೆ ಅಂಗಡಿಯವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ, ಬ್ಯಾಂಕಿಗೆ ಅಲೆಯಬೇಕು.

ಕಾರ್ಡ್ ಬೇಡ, ಅಂಗಡಿಯಲ್ಲೇ ಮೇಜು ಹಾಕಿ ಕೂತ ಫೈನಾನ್ಸಿನವರ ಹತ್ತಿರ ಮಾಡುತ್ತೇನೆ ಅಂದರೆ "ಹತ್ತಕ್ಕೆ ಎರಡು" ಎಂಬ ಮಾತು ಕಿವಿಗೆ ಬೀಳಬಹುದು. ಹತ್ತು ಕಂತಿನಲ್ಲಿ ಎರಡನ್ನು ಅಲ್ಲೇ ಮುಂಗಡ ಕೊಡಬೇಕು ಎಂದು ಅದರ ಅರ್ಥ. ಅಂದರೆ ನಿಮಗೆ ಸಿಗುವುದು ಎಂಟು ತಿಂಗಳ ಅವಕಾಶ ಮಾತ್ರ. ಅವರ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಫೀಗೆ ಉಂಟು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಸಾಲಿನಲ್ಲಿ ಬಡ್ಡಿ, ಫೀ ಎಲ್ಲ ಸೇರಿದ ವಾರ್ಷಿಕ ದರ ಇರುತ್ತದೆ. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ.

ನಿಮ್ಮ ಕೈಯಲ್ಲಿ ದುಡ್ಡು ಇರುವುದರಿಂದ ನಾನಾದರೆ ಹೀಗೆ ಮಾಡುತ್ತೇನೆ: ಎರಡು ಮೂರು ಅಂಗಡಿಯಲ್ಲಿ ನಗದು ರೇಟ್ ಕೇಳುತ್ತೇನೆ. ಸಾವಿರಕ್ಕಿಂತ ಜಾಸ್ತಿ ಬಿಟ್ಟರೆ ಪೂರ್ತಿ ಕೊಟ್ಟು ಟಿವಿ ಮನೆಗೆ ತರುತ್ತೇನೆ.